'ಕಡೀ ರೇಟ ಹೇಳ್ರಿ' ಅನ್ನೂದ ಬಿಡ್ರಿ, 'ಲೆಕ್ಕ ತೋರಸ್ರಿ' ಅನ್ರಿ

ಬೆಂಡಿಕಾಯಿ ತೊಗೊಳ್ಳುವಾಗ ತುದಿ ಮುರದ ನೋಡ್ತೀವಿ. ಸೀರಿ ತೊಗೊಳ್ಳುವಾಗ ಸೆರಗ ಪೂರಾ ಬಿಚ್ಚಿಸಿ, ಬೆಳಕಿಗೆ ಹಿಡದ ನೋಡ್ತೀವಿ. ಆದ್ರ ಎಂಬತ್ತು ಸಾವಿರ ರೂಪಾಯಿ ಕಪಾಟ ಮಾಡಸುವಾಗ ಮಾತ್ರ ನಾವು ಕೇಳೂದು ಎರಡ ಮಾತು. "ಸ್ಕ್ವೇರ್ ಫೂಟಿಗೆ ಎಷ್ಟ್ರೀ?" ಮತ್ತ "ಕಡೀ ರೇಟ ಹೇಳ್ರಿ." ಈ ಎರಡ ಮಾತಿನಿಂದನ ನಮ್ಮ ಮನಿಗೆ ಹುಸಿ ಪ್ಲೈವುಡ್ಡು, ಬಾಗಿದ ಬಾಗಲಾ ಮತ್ತ ಕೆಲಸದ ನಟ್ಟ ನಡುವ ಜಗಳ ಬರ್ತಾವ ಅನ್ನೂದು ನನ್ನ ವಾದ. ಯಾರಿಗೆ ಸಿಟ್ಟ ಬಂದ್ರೂ ಬರಲಿ, ಇವತ್ತ ಅದನ್ನ ಬಿಡಿಸಿ ಹೇಳ್ತೀನಿ.

ನಮ್ಮ ಮನಿಯವರು ಇಂಟೀರಿಯರ್ ಕೆಲಸ ಹಿಡೀತಾರ ಅನ್ನೂದು ನಿಮಗ ಗೊತ್ತದ. ಅಳತಿ ಅವರು ತರ್ತಾರ, ಲೆಕ್ಕ ನಾ ಬರೀತೀನಿ. ಆ ಹಾಳಿನ್ಯಾಗ ಏನ ಬರದಿರ್ತದ, ಯಾಕ ಬರದಿರ್ತದ ಅನ್ನೂದು ನಮ್ಮ ವೈನಿಗೋಳಿಗೆ, ಮೌಶಿಗೋಳಿಗೆ ಗೊತ್ತಿರಬೇಕು. ಯಾಕಂದ್ರ ರೊಕ್ಕ ಕೊಡಾವ್ರು ಗಂಡಸರ ಇದ್ರೂ, ಹತ್ತ ದಿನ ಬಡಿಗ್ಯಾರ ಮುಂದ ನಿಂತ ಕೆಲಸ ನೋಡಾವ್ರು ನಾವ. ಮುಂದ ಇಪ್ಪತ್ತ ವರ್ಷ ಆ ಕಪಾಟಿನ ಬಾಗಲಾ ತೆಗದ ಹಾಕಾವ್ರೂ ನಾವ.

ಮೊದಲ ಈ ಸ್ಕ್ವೇರ್ ಫೂಟ ರೇಟಿನ ಮಾತ ಮುಗಸೂಣು. ಕಪಾಟಿಗೆ ಸ್ಕ್ವೇರ್ ಫೂಟ ಅಂದ್ರ ಎದುರಿನ ಮುಖದ ಅಳತಿ ಅಷ್ಟ, ಅಗಲ ಗುಣಸು ಎತ್ತರ. ಒಳಗ ಮೂರ ಹಲಗಿ ಇದ್ರೂ ಅದ ಅಳತಿ, ಒಂಬತ್ತ ಹಲಗಿ ಇದ್ರೂ ಅದ ಅಳತಿ. ಡ್ರಾವರ್ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಒಳಗ ಸನ್‌ಮೈಕಾ ಹಚ್ಚಿದ್ರೂ ಅಷ್ಟ, ಬರೇ ಬಣ್ಣಾ ಬಳದ್ರೂ ಅಷ್ಟ. ಇಬ್ಬರು ಇಬ್ಬರೀತಿ ಕಪಾಟ ಮನಸಿನ್ಯಾಗ ಇಟಗೊಂಡು ಒಂದ ನಂಬರ ಮ್ಯಾಲೆ ಒಪ್ಪಿಗಿ ಆದ್ರ ಅದಕ್ಕ ಫಿಕ್ಸ್ ರೇಟ ಅಂತ ಹ್ಯಾಂಗ ಅನ್ನೂದು? ಏನ ಫಿಕ್ಸ್ ಆತು? ನಂಬರ ಒಂದ ಫಿಕ್ಸ್ ಆತು, ಕಪಾಟ ಫಿಕ್ಸ್ ಆಗಲಿಲ್ಲ.

ಫಿಕ್ಸ್ ರೇಟಿನ ಕೊಟೇಶನ್ ಅಂದ್ರ ಮೂರ ಲೆಕ್ಕ ಕೂಡಿ ಆಗೂದು. ಒಂದು ಸಾಮಾನು, ಎರಡನೇದು ಆಳಿನ ತಾಸು, ಮೂರನೇದು ಅಡಚಣಿ ರೊಕ್ಕ. ಇಂಗ್ಲಿಷ್‌ನ್ಯಾಗ ಕಂಟಿಂಜೆನ್ಸಿ ಅಂತಾರಲ್ಲಾ, ಅದಕ್ಕ ನಾವು ಮನ್ಯಾಗ ಅಡಚಣಿ ರೊಕ್ಕ ಅಂತೀವಿ. ಇದರ ಮ್ಯಾಲೆ ಕೆಲಸಾ ಹಿಡದಾವ್ನ ಖರ್ಚು ಮತ್ತ ಲಾಭ. ಒಂದ ಕಪಾಟ ಹಿಡದ ಲೆಕ್ಕಾ ಮಾಡಿ ತೋರಸ್ತೀನಿ. ರೇಟ ನಾ ಉದಾಹರಣೆಕ್ಕ ಅಂತ ಇಟ್ಟೀನಿ, ನಿಮ್ಮ ಊರಿನ ಅಂಗಡಿ ರೇಟ ನೀವ ಹಾಕ್ಕೋರಿ. ರೀತಿ ಮಾತ್ರ ಎಲ್ಲಾ ಕಡೆ ಒಂದ.

ಕಪಾಟ 6 ಫೂಟ ಅಗಲ, 7 ಫೂಟ ಎತ್ತರ, 2 ಫೂಟ ಆಳ. ಮ್ಯಾಲೆ 2 ಫೂಟಿನ ಲಾಫ್ಟು. ಒಳಗ ಎರಡೆರಡ ಫೂಟಿನ ಮೂರು ಖಾನಿ. ಎರಡ ಖಾನಿಯೊಳಗ ನಾಕ್ನಾಕ ಹಲಗಿ, ಮೂರನೇದ್ರಾಗ ಸೀರಿ ತೂಗ ಹಾಕೂ ರಾಡು, ಅದರ ಮ್ಯಾಲೆ ಒಂದ ಹಲಗಿ, ಕೆಳಗ ಎರಡ ಡ್ರಾವರು. ಕೆಳಗ ಮೂರು ಉದ್ದನ ಬಾಗಲಾ, ಲಾಫ್ಟಿಗೆ ಮೂರು ಸಣ್ಣವು.

ಪ್ಲೈವುಡ್ ಶೀಟ 8 ಫೂಟ ಉದ್ದ, 4 ಫೂಟ ಅಗಲ. ಇದನ್ನ ಖಣದಾಗ ಕುಪ್ಪಸ ಕತ್ತರಿಸಿದಂಗ ವಿಚಾರ ಮಾಡ್ರಿ. ಖಣಾ ಎಷ್ಟ ಬೇಕು ಅನ್ನೂದು ಮೈ ಅಳತಿಯಿಂದಷ್ಟ ತಿಳಿಯೂದಿಲ್ಲ, ತುಂಡು ಹ್ಯಾಂಗ ಕೂಡಸ್ತೀರಿ ಅನ್ನೂದ್ರ ಮ್ಯಾಲೆ ಅದ. ಶೀಟನ್ನ ಉದ್ದಕ ನಡುವ ಸೀಳಿದ್ರ 2 ಫೂಟ ಅಗಲದ ಎರಡು ಪಟ್ಟಿ ಬರ್ತಾವ. ಗರಗಸದ ಅಲಗಿಗೆ 3 ಮಿಲಿಮೀಟರ್ ಹೋಗ್ತದ, ಅದಕ್ಕ ಪಟ್ಟಿ ಪೂರಾ 2 ಫೂಟಿಗಿಂತ ಒಂದ ಚೂರ ಕಡಿಮಿನ ಇರ್ತದ. ನಿಂತ ಹಲಗಿ ನಾಕು, ಅಂದ್ರ ನಾಕು ಪಟ್ಟಿ. ದೊಡ್ಡ ಬಾಗಲಾ ಮೂರಕ್ಕ ಮೂರು ಪಟ್ಟಿ. ಕಪಾಟಿನ ತಳಕ್ಕ ಒಂದು, ತಲಿಗೆ ಒಂದು, ಲಾಫ್ಟಿನ ತಲಿಗೆ ಒಂದು, ಲಾಫ್ಟಿನ ಬಾಗಲಾಕ್ಕ ಒಂದು. ಈ ನಾಕೂ 6 ಫೂಟಿನವು, ಒಂದೊಂದ್ರಾಗ 2 ಫೂಟಿನ ಚೌಕ ತುಂಡು ಉಳೀತದ, ಅದು ಹಲಗಿಗೆ ಬರ್ತದ. ಹಲಗಿ ಒಂಬತ್ತು, ಲಾಫ್ಟಿನ ಎರಡ ಮಗ್ಗಲಾ ಮತ್ತ ನಡುವಿನ ತಡಿ ಮೂರು, ಹನ್ನೆರಡ ಚೌಕ ಬೇಕು. ನಾಕು ಉಳಿದ ತುಂಡಿನ್ಯಾಗ ಸಿಕ್ಕವು, ಇನ್ನೂ ಎಂಟಕ್ಕ ಎರಡು ಪಟ್ಟಿ. ಒಟ್ಟ ಹದಿಮೂರು ಪಟ್ಟಿ. ಡ್ರಾವರಿಗೆ ಬಾಗಲಾ ಮತ್ತ ನಿಂತ ಹಲಗಿ ಕತ್ತರಿಸಿ ಉಳದ ಸಣ್ಣ ತುಂಡ ಸಾಕು.

ಹದಿಮೂರು ಪಟ್ಟಿ ಅಂದ್ರ ಆರೂವರಿ ಶೀಟು. ಅಂಗಡಿಯಾಂವ ಅರ್ಧಾ ಶೀಟ ಕೊಡೂದಿಲ್ಲ, ಅದಕ್ಕ ಏಳು. ಒಂದ ಪಟ್ಟಿ ಕೈಯಾಗ ಉಳೀತದ, ಒಂದ ತುಂಡ ಕತ್ತರಿಸೂದು ತಪ್ಪಿದ್ರ ಅದ ಆಸರ. ಹಿಂಗ ಎಣಿಸಿ ಹೇಳಿದಾಂವ ನಿಮ್ಮ ಕಪಾಟ ಮನಸಿನ್ಯಾಗ ಒಂದ ಸಲ ಕಟ್ಟಿ ನೋಡ್ಯಾನ ಅಂತ ತಿಳೀರಿ. "ಒಂದ ಎಂಟ್ಹತ್ತ ಶೀಟ ಹಿಡೀತಾವ್ರೀ" ಅಂದಾಂವ ನೋಡಿಲ್ಲ. ಅಂವಾ ಬೇಕಂತ ಸುಳ್ಳ ಹೇಳಿರಲಿಕ್ಕಿಲ್ಲ, ಆದ್ರ ನೋಡದ ಹೇಳಿದ ರೇಟ ಅಂವನ್ನ ಮುಳಗಸ್ತದ, ಇಲ್ಲಾ ನಿಮ್ಮನ್ನ ಮುಳಗಸ್ತದ.

18 ಮಿಲಿಮೀಟರಿನ ನೀರ ತಡಿಯೂ ಪ್ಲೈ ಚದರ ಫೂಟಿಗೆ 90 ರೂಪಾಯಿ ಹಿಡದ್ರ ಏಳು ಶೀಟಿಗೆ 20,160. ಬೆನ್ನಿಗೆ 6 ಮಿಲಿಮೀಟರಿನ ತೆಳು ಪ್ಲೈ ಎರಡು ಶೀಟು, 2,880. ಹೊರಗಿನ ಸನ್‌ಮೈಕಾ ಮೂರು ಶೀಟು, ಒಳಗಿನ ತೆಳುವು ಹನ್ನೊಂದು ಶೀಟು, ಎರಡೂ ಕೂಡಿ 13,300. ಬಿಜಾಗರಿ, ಡ್ರಾವರಿನ ಚಾನೆಲ್, ಹಿಡಿಕಿ, ಕೀಲಿ, ರಾಡು 4,860. ಅಂಟು, ಅಂಚಿನ ಪಟ್ಟಿ, ಸ್ಕ್ರೂ, ಪಾಲಿಶ್ ಕಾಗದ 5,000. ಗಾಡಿ ಬಾಡಿಗಿ, ಹಮಾಲಿ 1,500. ಸಾಮಾನಿನ ಲೆಕ್ಕ 47,700ಕ್ಕ ಬಂತು.

ಇನ್ನ ಆಳು. ಇಲ್ಲೇ ಎಲ್ಲಾರೂ ಚೌಕಾಶಿಗೆ ನಿಲ್ಲೂದು. "ಒಂದ ಕಪಾಟಿಗೆ ಹತ್ತ ದಿನ ಯಾಕ್ರೀ? ಆರ ದಿನದಾಗ ಮುಗಸ್ರಿ." ದಿನಾ ಅಂದಾಜಿಲೆ ಹೇಳೂದಲ್ಲ, ತಾಸಿನ ಮ್ಯಾಲೆ ಬರ್ತದ. ಒಬ್ಬ ಬಡಿಗ್ಯಾ, ಒಬ್ಬ ಹೆಲ್ಪರ್ ಜೋಡಿ ಅಂತ ಹಿಡೀರಿ. ಅಳತಿ ಹಾಕಿ ಕತ್ತರಿಸೂದು 8 ತಾಸು. ಒಳಗಿನ ಸನ್‌ಮೈಕಾ ಹಚ್ಚಿ ಅಂಚ ತರಿಯೂದು 14 ತಾಸು. ಪೆಟ್ಟಿಗಿ ಕಟ್ಟಿ ನಿಲ್ಲಸೂದು 10. ಲಾಫ್ಟ 6. ಬಾಗಲಾ ತಯಾರ ಮಾಡೂದು 10. ಡ್ರಾವರು, ಬಿಜಾಗರಿ, ಹಿಡಿಕಿ 8. ಕಡೀಕ ಬಾಗಲಾ ಒಂದ ಸಾಲಿಗೆ ಕೂಡಿಸಿ ಸ್ವಚ್ಛ ಮಾಡಿ ಕೊಡೂದು 4. ಒಟ್ಟ 60 ತಾಸು.

ಎಂಟ ತಾಸಿನ ದಿನಕ್ಕ 60 ತಾಸ ಅಂದ್ರ ಏಳೂವರಿ ದಿನಾ ಅಂತೀರಿ. ಆದ್ರ ಮನ್ಯಾಗ ನಡಿಯೂ ಕೆಲಸದಾಗ ಎಂಟಕ್ಕ ಎಂಟೂ ತಾಸು ಕೈ ಓಡೂದಿಲ್ಲ. ಚಹಾ, ಊಟ, ಮಷೀನ ಹೂಡೂದು, ಸಂಜೀಗೆ ಧೂಳ ಬಳದು ಸಾಮಾನ ಎತ್ತಿಡೂದು, ಮೂರನೇ ಮಜಲಿಗೆ ಶೀಟ ಹೊತ್ತ ತರೂದು. ಕೈಗೆ ಸಿಗೂದು ಆರ ತಾಸು. ನಾವು ಅಡಗಿ ಮನ್ಯಾಗ ಬೆಳತನಕ ನಿಂತಿರ್ತೀವಿ, ಒಲಿ ಮುಂದ ನಿಂತದ್ದು ಎಷ್ಟ ತಾಸು ಅಂತ ಎಣಿಸಿದ್ರ ಇದು ನಿಮಗ ಗೊತ್ತಾಗ್ತದ. 60 ತಾಸಿಗೆ ದಿನಕ್ಕ ಆರರಂಗ ಹತ್ತ ದಿನ. ಬಡಿಗ್ಯಾಗ 1,100, ಹೆಲ್ಪರಗ 700, ದಿನಕ್ಕ 1,800. ಹತ್ತ ದಿನಕ್ಕ 18,000.

ಆರ ದಿನದಾಗ ಮುಗಸ್ರಿ ಅಂತ ಹಟಾ ಹಿಡದ್ರ ಏನಾಗ್ತದ ಕೇಳ್ರಿ. ಸನ್‌ಮೈಕಾ ಅಂಟ ಹಚ್ಚಿದ ಮ್ಯಾಲೆ ಭಾರ ಹೇರಿ ರಾತ್ರಿ ಪೂರಾ ಬಿಡಬೇಕು. ಅವಸರಾ ಮಾಡಿ ಅವತ್ತ ತರದ ಬಾಗಲಾ ಏರಿಸಿದ್ರ ಒಂದ ತಿಂಗಳದಾಗ ಅಂಚಿನ್ಯಾಗ ಏಳ್ತದ, ನಡುವ ಗುಳ್ಳಿ ಬರ್ತದ. ನೀವು ಉಳಿಸಿದ ನಾಕ ದಿನದ ಪಗಾರ ಆ ಗುಳ್ಳಿಯೊಳಗ ಕುಂತಿರ್ತದ.

ಸಾಮಾನು, ಆಳು ಕೂಡಿ 65,700 ಆತು. ಇನ್ನ ಅಡಚಣಿ ರೊಕ್ಕ. ನಮ್ಮ ಜಗಳ ಎಲ್ಲಾ ಇದರ ಮ್ಯಾಲೆ. ಹಾಳಿ ನೋಡಿದ ಕೂಡಲೆ ಬಳಗದಾಗ ಒಬ್ಬರು ಅಂತಾರ, "ಇದ್ಯಾಕ ಆರ ಸಾವಿರ ಸುಮ್ನ ಹಾಕೀರಿ? ತಗೀರಿ ಇದನ್ನ." ಮತ್ತೊಬ್ಬರು, "ಇರಲಿ ಬಿಡ್ರಿ, ಖರ್ಚ ಆಗದಿದ್ರ ತಿರಗಿ ಕೊಡ್ತಾರಲ್ಲಾ." ಎರಡೂ ಮಾತು ನನಗ ಒಪ್ಪಿಗಿ ಇಲ್ಲ.

ಆರ ಸಾವಿರ ಎಲ್ಲಿಂದ ಬಂತು ಅಂದ್ರ, ಸುಮ್ನ ಹತ್ತ ಪರ್ಸೆಂಟ ಅಂತ ಹಚ್ಚಿದ್ದಲ್ಲ. ಏನೇನ ತಪ್ಪಬಹುದು, ತಪ್ಪಿದ್ರ ಎಷ್ಟ ಖರ್ಚು, ಹತ್ತ ಮನ್ಯಾಗ ಎಷ್ಟ ಮನಿಗೆ ಹಂಗ ಆಗಬಹುದು ಅಂತ ಎಣಸೂದು. ಧಾರವಾಡದ ಕಡೆ ಮಳಿಗಾಲದಾಗ ಗೋಡಿಗೆ ಹಸಿ ಬರ್ತದ. ಕಪಾಟಿನ ಹಿಂದಿನ ಗೋಡಿ ಹಸಿ ಇದ್ರ ಕೆರದು, ನೀರ ತಡಿಯೂ ಬಣ್ಣಾ ಹಚ್ಚಿ, ಒಣಗಿಸಿ ಮುಂದ ಹೋಗಬೇಕು, ಅದಕ್ಕ 4,000. ಹತ್ತ ಮನ್ಯಾಗ ನಾಕಕ್ಕ ಅಂತ ಹಿಡದ್ರ ಒಂದ ಮನಿ ಪಾಲಿಗೆ 1,600. ಗೋಡಿ ಸೆಟೆದ ನಿಂತಿರೂದಿಲ್ಲ, ವಾರಿ ಇರ್ತದ, ಆಗ ಮಗ್ಗಲಿಗೆ ಪಟ್ಟಿ ಕೊಟ್ಟು ಸರಿ ಮಾಡಲಿಕ್ಕೆ ಒಂದೂವರಿ ದಿನ, 2,700. ಅರ್ಧ ಮನಿಗೆ ಹಂಗಾಗ್ತದ ಅಂದ್ರ 1,350. ಕರೆಂಟ ಹೋಗಿ, ಮಳಿ ಹಿಡದು, ಅಂಟ ಒಣಗದ ಎರಡ ದಿನಾ ಹೋದ್ರ 3,600, ಅದೂ ಅರ್ಧ ಮನಿಗೆ, 1,800. ಶೀಟ ಸೀಳೂದು, ಬಿಜಾಗರಿ ಮುರಿಯೂದು, ನಡುವ ಪ್ಲೈ ರೇಟ ಏರೂದು 2,500, ಹತ್ತರಾಗ ನಾಕು, 1,000. ಕೂಡಿಸಿದ್ರ 5,750. ಅದನ್ನ 6,000 ಅಂತ ಬರದದ್ದು.

ಈಗ ನೋಡ್ರಿ. ಯಾವ ಒಂದ ಮನ್ಯಾಗೂ ಖರ್ಚು ಸರಿಯಾಗಿ 6,000 ಆಗೂದಿಲ್ಲ. ಒಂದ ಮನ್ಯಾಗ ಸೊನ್ನಿ, ಇನ್ನೊಂದ್ರಾಗ ಹನ್ನೆರಡ ಸಾವಿರ. ಫಿಕ್ಸ್ ರೇಟ ಅಂದ್ರ ಆ ಹನ್ನೆರಡ ಸಾವಿರದ ಹೊರಿ ನಾ ಹೊರ್ತೀನಿ ಅಂತ ಕೆಲಸಾ ಹಿಡದಾಂವ ಬರದ ಕೊಟ್ಟಂಗ. ಅಂದ ಮ್ಯಾಲೆ ಸೊನ್ನಿ ಆದ ಮನ್ಯಾಗ 6,000 ತಿರಗಿ ಕೊಡ್ರಿ ಅಂದ್ರ ಅಂವಾ ಹೊರಿ ಎಲ್ಲಿಂದ ಹೊರಬೇಕು? ಗಾಡಿ ವಿಮಾ ಕಟ್ಟಿ ವರ್ಷದಾಗ ಅಪಘಾತ ಆಗಲಿಲ್ಲ ಅಂತ ರೊಕ್ಕ ತಿರಗಿ ಕೇಳ್ತೇವೇನು? ತಿರಗಿ ಬೇಕಂದ್ರ ಬ್ಯಾರೆ ದಾರಿ ಅದ. ಸಾಮಾನಿನ ಬಿಲ್ಲು, ದಿನದ ಪಗಾರ, ಆದಷ್ಟ ಕೊಡ್ತೀವಿ ಅಂತ ಮಾತಾಡಿ ಮಾಡಸ್ರಿ. ಅದೂ ನೇರ ದಾರಿನ. ಆದ್ರ ಆಗ ಹನ್ನೆರಡ ಸಾವಿರ ಬಂದ್ರ ಹೊರಿ ನಿಮ್ಮದು. ರೇಟೂ ಫಿಕ್ಸ್ ಇರಬೇಕು, ಉಳದ್ರ ನಮಗ ಬರಬೇಕು, ಹೆಚ್ಚಾದ್ರ ಅಂವಾ ಕೊಡಬೇಕು, ಇದು ವ್ಯವಹಾರ ಅಲ್ಲ.

ಹಂಗಂತ ಈ ಸಾಲಿನ ಹೆಸರಲೆ ಏನ ಬೇಕಾದ್ದ ಹಾಕ್ಲಿ ಅಂತ ನಾ ಹೇಳೂದಿಲ್ಲ. ಹೊಸಾ ಮನ್ಯಾಗ, ಗೋಡಿ ಒಣಾ ಇದ್ದಲ್ಲೆ ಇಪ್ಪತ್ತ ಪರ್ಸೆಂಟ ಹಾಕಿದ್ರ ಯಾವ್ಯಾವ ಅಡಚಣಿಗೆ ಅಂತ ಒಂದೊಂದ ಹೇಳ್ರಿ ಅಂತ ಕೇಳ್ರಿ. ಹೇಳಲಿಕ್ಕೆ ಆಗದಿದ್ರ ಅದು ಅಡಚಣಿ ರೊಕ್ಕ ಅಲ್ಲ, ಮುಚ್ಚಿಟ್ಟ ಲಾಭ. ಹಂಗ ಹಾಳಿನ್ಯಾಗ ಈ ಸಾಲ ಇಲ್ಲದಾವ್ನ್ನ ಅಗ್ಗ ಅಂತ ತಿಳೀಬ್ಯಾಡ್ರಿ. ಅಡಚಣಿ ಅಂವನ ಕೆಲಸದಾಗೂ ಬರ್ತದ. ಬಂದಾಗ ಅಂವಾ ನಡುವ ಕೈ ಬಿಟ್ಟು "ಇದು ಎಕ್ಸ್ಟ್ರಾ ಆಗ್ತದ ಅಕ್ಕಾರ" ಅಂತಾನ, ಇಲ್ಲಾ ಕಣ್ಣಿಗೆ ಕಾಣದಲ್ಲೆ ಸಾಮಾನ ಕಡಿಮಿ ಮಾಡ್ತಾನ.

ಅಡಚಣಿ ರೊಕ್ಕ ಕಡಿಮಿ ಮಾಡಸೂ ಒಂದ ಸರಿಯಾದ ದಾರಿ ಅದ. ಅಡಚಣಿನ ಕಡಿಮಿ ಮಾಡೂದು. ಕೊಟೇಶನ್ ಬರಿಯೂಕಿಂತ ಮೊದಲ ಕಪಾಟ ಬರೂ ಗೋಡಿ ಮ್ಯಾಲೆ ಎರಡ ಫೂಟಿನ ಪ್ಲಾಸ್ಟಿಕ್ ಹಾಳಿ ಇಟ್ಟು ನಾಕೂ ಕಡೆ ಟೇಪ ಹಚ್ಚಿ ಒಂದ ದಿನಾ ಬಿಡ್ರಿ. ಮರದಿನಾ ತಗದ ನೋಡಿದ್ರ ಹಾಳಿಯ ಒಳಮೈಗೆ ಹನಿ ಕಟ್ಟಿದ್ರ ಗೋಡಿಯೊಳಗ ಹಸಿ ಅದ. ಮಳಿಗಾಲ ಮುಗಿದ ಕೂಡಲೆ ನೋಡಿದ್ರ ಛಲೋ, ಏಪ್ರಿಲ್‌ನ್ಯಾಗ ಎಲ್ಲಾ ಗೋಡಿನೂ ಒಣಾನ ಕಾಣ್ತಾವ. ಆಮ್ಯಾಲೆ ದಾರಕ್ಕ ಒಂದ ಭಾರ ಕಟ್ಟಿ ಮ್ಯಾಲಿಂದ ಇಳಿಬಿಟ್ಟು, ಮ್ಯಾಲೆ ಮತ್ತ ಕೆಳಗ ದಾರಕ್ಕೂ ಗೋಡಿಗೂ ಎಷ್ಟ ಅಂತರ ಅನ್ನೂದು ಸ್ಕೇಲಿಲೆ ಅಳೀರಿ. ಎರಡೂ ಸಮಾ ಇದ್ರ ಗೋಡಿ ನೇರ ಅದ. ಹಳಿ ಕಪಾಟ ಇದ್ರ ಅದನ್ನ ಮೊದಲ ತಗಸಿ ಗೋಡಿ ತೋರಸ್ರಿ. ಗೋಡಿ ಒಣಾ ಅದ, ನೇರ ಅದ ಅಂತಾದ್ರ ಮೊದಲಿನ ಎರಡ ಸಾಲು, 2,950 ರೂಪಾಯಿ, ಹಾಳಿನಿಂದ ಹಾರಿ ಹೋಗ್ತಾವ. ಈ ಚೌಕಾಶಿಯೊಳಗ ಯಾರ ಹೊಟ್ಟಿ ಮ್ಯಾಲೂ ಬರೂದಿಲ್ಲ.

ಕಡೀದು, ಕೆಲಸಾ ಹಿಡದಾವ್ನ ಪಾಲು. 65,700ರ ಮ್ಯಾಲೆ ಹದಿನೈದ ಪರ್ಸೆಂಟ ಹತ್ರ, 10,000 ಹಿಡೀರಿ. ಇದಕ್ಕೂ ಮೂಗ ಮುರೀತಾರ. ಅಂಗಡಿಗೆ ತಿರಗಾಡೂ ಪೆಟ್ರೋಲು, ಗರಗಸದ ಅಲಗು, ಮಷೀನ ಸವಿಯೂದು, ಮೊದಲನೇ ಮಳಿಗೆ ಬಾಗಲಾ ಉಬ್ಬಿ ಬಿಗಿ ಆದಾಗ ಬಂದು ಬಿಜಾಗರಿ ತಿರವಿ ಕೊಡೂದು, ಎಲ್ಲಾ ಇದರಾಗನ. ಹೊಂದಿದ್ದು ಮನಿ ನಡಸೂದಕ್ಕ. ಇಷ್ಟೆಲ್ಲಾ ಕೂಡಿ 81,700.

ಈಗ ಈ ಹಾಳಿ ಮಗ್ಗಲಿಗೆ ಇನ್ನೊಂದ ಕೊಟೇಶನ್ ಇಟ್ಟ ನೋಡೂಣು. ಒಂದ ಸಾಲು, "ಕಪಾಟ, ಲಾಫ್ಟ ಸಹಿತ, ಸ್ಕ್ವೇರ್ ಫೂಟಿಗೆ 1,150." ಎದುರಿನ ಮುಖ 6 ಗುಣಸು 9, 54 ಚದರ ಫೂಟು. 62,100 ಆತು. ಇಪ್ಪತ್ತ ಸಾವಿರ ಉಳೀತದ ಅಂತ ಮನ್ಯಾಗ ಎಲ್ಲಾರಿಗೂ ಖುಷಿ. ಆದ್ರ ನಮ್ಮ ಲೆಕ್ಕದಾಗ ಬರೇ ಸಾಮಾನು ಮತ್ತ ಪಗಾರನ 65,700 ಅದ. ಅಂವಾ ಕೈಯಿಂದ 3,600 ಹಾಕಿ, ಲಾಭ ಬಿಟ್ಟು, ನಿಮಗ ಕಪಾಟ ಮಾಡಿ ಕೊಡ್ತಾನೇನು? ಯಾವ ಸಂಬಂಧಕ್ಕ?

ಅಂವಾ ಹ್ಯಾಂಗ ಕೂಡಸ್ತಾನ ಅಂದ್ರ ಹಿಂಗ. 90 ರೂಪಾಯಿ ಪ್ಲೈ ಬದಲಿ 60ರ ಪ್ಲೈ ಹಾಕಿದ್ರ ಏಳ ಶೀಟಿನ್ಯಾಗ 6,720 ಉಳೀತದ. ಒಳಗ ಸನ್‌ಮೈಕಾ ಬಿಟ್ಟು ಬಣ್ಣಾ ಬಳದ್ರ ಏಳ ಸಾವಿರದ ಮ್ಯಾಲೆ ಉಳೀತದ, ಹದಿನಾಕ ತಾಸಿನ ಆಳೂ ಉಳೀತದ. ಏಳ ಫೂಟಿನ ಬಾಗಲಾಕ್ಕ ನಾಕ ಬಿಜಾಗರಿ ಬೇಕು, ಮೂರ ಹಾಕಿದ್ರ ಅದೂ ಉಳೀತದ. ಹೊರಗಿನ ಸನ್‌ಮೈಕಾ ಮಾತ್ರ ಮಿರಿ ಮಿರಿ ಮಿಂಚೂದ ಹಾಕ್ತಾನ, ಗೃಹಪ್ರವೇಶಕ್ಕ ಬಂದಾವ್ರು ನೋಡೂದು ಅದನ್ನ ಅಷ್ಟ.

ಇದು ಗೊತ್ತಾಗೂದು ಯಾವಾಗ ಅಂದ್ರ ಒಂದ ವರ್ಷದ ಮ್ಯಾಲೆ. ಬಾಗಲಾದ ಒಂದ ಮೈಗೆ ಅಷ್ಟ ಸನ್‌ಮೈಕಾ ಹಚ್ಚಿ ಇನ್ನೊಂದ ಮೈಗೆ ಬಣ್ಣಾ ಬಳದ್ರ, ಹವಾದಾಗಿನ ಹಸಿ ಒಂದ ಕಡೆಯಿಂದ ಜಾಸ್ತಿ ಹೀರಿ ಬಾಗಲಾ ಬಿಲ್ಲಿನಂಗ ಬಾಗ್ತದ. ಉದ್ದನ ಬಾಗಲಾ ಆದ್ರಂತೂ ಮ್ಯಾಲೆ ಕೂಡಿದ್ರ ಕೆಳಗ ಕೂಡೂದಿಲ್ಲ. ಮೂರ ಬಿಜಾಗರಿ ಬಾಗಲಾ ಜೋತ ಬಿದ್ದು ಮಗ್ಗಲಿನದಕ್ಕ ತಿಕ್ತದ. ಹಸಿ ಗೋಡಿಗೆ ಸಾದಾ ಪ್ಲೈ ಹಚ್ಚಿದ್ರ ಪದರ ಬಿಚ್ಚಿ ಉಬ್ಬತದ, ಸೀರಿಗೆ ಮುಗ್ಗಲ ವಾಸನಿ ಬರ್ತದ. ಅಷ್ಟೊತ್ತಿಗೆ ಅಂವನ ಫೋನು ಹತ್ತೂದಿಲ್ಲ.

ಅದಕ್ಕ ಶೀಟು ಗಾಡಿಯಿಂದ ಇಳಿಯೂ ದಿನಾ ನೀವ ಮುಂದ ನಿಂದರ್ರಿ. ಅಂಚಿನ್ಯಾಗ ಸ್ಕೇಲ ಹಿಡದು 18 ಮಿಲಿಮೀಟರ್ ಅದನೋ ಇಲ್ಲೋ ನೋಡ್ರಿ. ಶೀಟಿನ ಮ್ಯಾಲೆ ಐಎಸ್‌ಐ ಗುರ್ತಿನ ಜೋಡಿ ಒಂದ ನಂಬರ ಹೊಡದಿರ್ತಾರ. 710 ಅಂದ್ರ ಮರೀನ್ ಪ್ಲೈ. 303 ಅಂದ್ರ ಸಾಮಾನ್ಯ ಬಳಕಿ ಪ್ಲೈ, ಅದರಾಗ ಎಂಆರ್ ಅಂತ ಇದ್ರ ಅದು ಹವಾದಾಗಿನ ಹಸಿ ಅಷ್ಟ ತಡೀತದ, ನೀರ ತಡಿಯೂದಿಲ್ಲ. ಕೊಟೇಶನ್‌ನ್ಯಾಗ ಬರದ ನಂಬರ, ಶೀಟಿನ ಮ್ಯಾಲಿನ ನಂಬರ, ಅಂಗಡಿ ಬಿಲ್ಲಿನ ನಂಬರ ಮೂರೂ ಒಂದ ಇರಬೇಕು. ಇಲ್ಲಂದ್ರ ಕತ್ತರಿಸೂಕಿಂತ ಮೊದಲ ತಿರಗಿ ಕಳಸ್ರಿ. ಸನ್‌ಮೈಕಾ ಹಚ್ಚಿದ ಮ್ಯಾಲೆ ಯಾವ ಪ್ಲೈ ಅಂತ ದೇವರಿಗೂ ಗೊತ್ತಾಗೂದಿಲ್ಲ.

"ನಮ್ಮ ಹತ್ರ 82 ಸಾವಿರ ಇಲ್ಲಲ್ಲಾ, 70ರಾಗ ಮಾಡಸ್ಬೇಕು" ಅಂತೀರೇನು? ಅದು ಖರೇ ಅಡಚಣಿ, ಅದಕ್ಕೂ ದಾರಿ ಅದ. ಆದ್ರ ರೇಟ ಇಳಸ್ರಿ ಅನಬ್ಯಾಡ್ರಿ, ಕೆಲಸಾ ಇಳಸ್ರಿ. ಲಾಫ್ಟ ಈ ವರ್ಷ ಬ್ಯಾಡ ಅಂದ್ರ ಪ್ಲೈ, ಸನ್‌ಮೈಕಾ, ಆರ ತಾಸು, ಮೂರ ಬಾಗಲಾ ಎಲ್ಲಾ ಕಡಿಮಿ ಆಗ್ತದ, ಮುಂದ ಯಾವಾಗ ಬೇಕಾದ್ರೂ ಏರಿಸಬಹುದು. ಡ್ರಾವರ ಬಿಡ್ರಿ. ಹೊರಗಿನ ಸನ್‌ಮೈಕಾ ಸಾದಾದ್ದ ಆರಸ್ರಿ. ಗೋಡಿ ನೀವ ಸರಿ ಮಾಡಿಸಿ ಕೊಡ್ರಿ. ಏನ ತಗದಿವಿ ಅನ್ನೂದು ಇಬ್ಬರಿಗೂ ಗೊತ್ತಿರ್ತದ. ರೇಟ ಇಳಸ್ರಿ ಅಂದಾಗಲೂ ಏನರ ಒಂದ ತಗೀತಾರ, ಏನ ತಗದ್ರು ಅನ್ನೂದು ನಿಮಗ ಗೊತ್ತಾಗೂದಿಲ್ಲ ಅಷ್ಟ. ಕಡೀಕ ಯಾರ ಪಗಾರ ಕಡೀತಾರ ಅನ್ನೂದೂ ಗೊತ್ತಾಗೂದಿಲ್ಲ. ಭಾಳ ಸಲ ಅದು 700ರ ಆ ಹೆಲ್ಪರ್ ಹುಡುಗಂದು.

ಇನ್ನ ನಮ್ಮದೂ ಒಂದ ಚಟಾ ಅದ. ಪೆಟ್ಟಿಗಿ ನಿಂತ ಮ್ಯಾಲೆ ನಾದಿನಿ ಬಂದು "ಇಲ್ಲೊಂದ ಡ್ರಾವರ ಇರಬೇಕಿತ್ತು" ಅಂತಾಳ, ನಾವು ಬಡಿಗ್ಯಾಗ "ಹಂಗ ಒಂದ ಮಾಡಿ ಬಿಡಪಾ" ಅಂತೀವಿ. ಅಡಚಣಿ ರೊಕ್ಕ ಇದಕ್ಕಲ್ಲ. ಅದು ಗೋಡಿ, ಮಳಿ, ಕರೆಂಟಿಗೆ. ಮನಸ ಬದಲಾದದ್ದಕ್ಕ ಬ್ಯಾರೆ ಸಾಲು, ಕತ್ತರಿಸೂಕಿಂತ ಮೊದಲ ರೇಟ ಬರದು ಇಬ್ಬರೂ ಸಹಿ ಮಾಡೂದು. ಹಂಗನ ಗೋಡಿಯೊಳಗ ನೀರಿನ ಪೈಪ ಒಡದದ್ದು ಕಂಡ್ರ, ಹಸಿಯ ಖರ್ಚು 4,000 ದಾಟಿದ್ರ, ಕೆಲಸಾ ನಿಲ್ಲಿಸಿ ತೋರಸಬೇಕು, ಆಮ್ಯಾಲಿಂದು ಮನಿಯವರ ಹೊರಿ. ಅದಕ್ಕಿಂತ ಒಳಗಿಂದು ಅಂವಂದು, ಒಂದ ರೂಪಾಯಿ ಎಕ್ಸ್ಟ್ರಾ ಇಲ್ಲ. ಗೆರಿ ಎಲ್ಲೆ ಅನ್ನೂದು ಮೊದಲ ಹಾಳಿನ್ಯಾಗ ಇದ್ರ ನಡುವ ಜಗಳಕ್ಕ ಜಾಗಾನ ಇರೂದಿಲ್ಲ.

ದೀಪಾವಳಿಗೆ ಮೊದಲ ಭಾಳ ಮನ್ಯಾಗ ಈ ಕೆಲಸ ಹಿಡೀತಾರ. ಯಾರ ಬಂದ್ರೂ ಹಾಳಿನ್ಯಾಗ ಇಷ್ಟ ಬರಸ್ರಿ. ಕಪಾಟಿನ ಒಳಗ ಹೊರಗ ಚಿತ್ರ ಅಳತಿ ಸಹಿತ. ಶೀಟ ಎಷ್ಟು, ಯಾವ ನಂಬರಿಂದು. ತಾಸ ಎಷ್ಟು, ದಿನಾ ಎಷ್ಟು. ಅಡಚಣಿ ರೊಕ್ಕ ಎಷ್ಟು, ಯಾವ್ಯಾವುದಕ್ಕ, ಎಲ್ಲೀತನಕ. ಜಿಎಸ್‌ಟಿ ಸೇರಿಸೋ ಬಿಟ್ಟೋ. ರೇಟ ಎಷ್ಟ ದಿನಾ ನಡೀತದ. ಇಷ್ಟ ಬರಕೊಡಲಿಕ್ಕೆ ಒಬ್ಬ ಒಂದ ಸಂಜಿ ಕುಂಡ್ರಬೇಕಾಗ್ತದ. ಆ ಒಂದ ಸಂಜಿ ಕುಂಡ್ರಲಾರದಾಂವಗ ನಿಮ್ಮ ಮನಿ ಕೀಲಿ ಹತ್ತ ದಿನಾ ಕೊಡಬ್ಯಾಡ್ರಿ. ಕುಂತು ಬರಕೊಟ್ಟಾವ್ನ ಮುಂದ "ಕಡೀ ರೇಟ ಹೇಳ್ರಿ" ಅನ್ನಬ್ಯಾಡ್ರಿ, ಅಂವಾ ಹೇಳ್ಯಾನ.